ಶನಿವಾರ ಮುಗಿದ ಆರ್ಡರ್

ಬಾಗಲಗುಂಟೆಯ ನನ್ನ ಟೈಲರ್ ಅಂಗಡಿಯ ಬಾಗಿಲಿಗೆ ಪ್ರತಿ ಶ್ರಾವಣದಲ್ಲೂ ನಾನೊಂದು ರಟ್ಟು ನೇತುಹಾಕುತ್ತಿದ್ದೆ. ಅದರ ಮೇಲೆ ಕೆಂಪು ಮಾರ್ಕರಿನಲ್ಲಿ ಹೀಗೆ ಬರೆದಿರುತ್ತಿತ್ತು: ‘ವರಮಹಾಲಕ್ಷ್ಮಿ ಹಬ್ಬದ ಹಾರ್ದಿಕ ಶುಭಾಶಯಗಳು. ಬ್ಲೌಸ್ ಆರ್ಡರ್ ಇದೇ ಶನಿವಾರಕ್ಕೆ ಮುಕ್ತಾಯ. ಆಮೇಲೆ ಬಂದು ಒತ್ತಾಯ ಮಾಡಬೇಡಿ.’

ಶುಭಾಶಯ ನಿಜ. ಶನಿವಾರ ಶುದ್ಧ ಸುಳ್ಳು. ಅದರ ಮುಂದಿನ ಬುಧವಾರದವರೆಗೂ ಬಟ್ಟೆ ತೆಗೆದುಕೊಳ್ಳಲು ನನಗೆ ಯಾವ ಅಡ್ಡಿಯೂ ಇರುತ್ತಿರಲಿಲ್ಲ. ಆದರೆ ತಡವಾಗಿ ಬಂದವರು ಬೇಡಿಕೊಳ್ಳಬೇಕು, ನಾನು ನಿಟ್ಟುಸಿರು ಬಿಟ್ಟು ‘ನಿಮಗೋಸ್ಕರ’ ಎಂದು ಒಪ್ಪಿಕೊಳ್ಳಬೇಕು. ಅದರ ರುಚಿಯೇ ಬೇರೆ. ರೆಡಿಮೇಡ್ ಬಂದ ಮೇಲೆ ಕೆಲಸ ಕಡಿಮೆಯಾಗಿತ್ತು. ಹಾಗಾಗಿ ಅಂಗಡಿ ತುಂಬಿದ ಹಾಗೆ ಕಾಣಲಿ ಎಂದು ನನ್ನ ಹೆಂಡತಿಯ ಹಳೆಯ ಬ್ಲೌಸುಗಳಿಗೂ ಚೀಟಿ ಚುಚ್ಚಿ ಕಂಬಿಗೆ ನೇತುಹಾಕುತ್ತಿದ್ದೆ. ಇದನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಊರಿನ ಹಳೆಯ ಮನೆತನದ ಹೆಂಗಸರಿಗೆ ಈ ಆಟ ಗೊತ್ತಿತ್ತು. ಒಬ್ಬಾಕೆಯಂತೂ ಭಾನುವಾರವೇ ಬಂದು, “ಮುಗೀತಾ ಅಣ್ಣ ನಿಮ್ ಕೊನೇ ದಿನ? ಸರಿ, ಇದನ್ನ ಹಿಡ್ಕೊಳಿ,” ಎಂದು ಬಟ್ಟೆಯನ್ನು ಮೇಜಿನ ಮೇಲೆ ಎಸೆದು ಹೋಗುತ್ತಿದ್ದಳು.

ಒಂದು ವರ್ಷ ಅದೇ ಭಾನುವಾರ ಬೆಳಿಗ್ಗೆ ಒಬ್ಬ ಹೊಸ ಹುಡುಗಿ ಬಂದಳು. ಕೊಪ್ಪಳದ ಕಡೆಯವಳು, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕೆಲಸ. ರಟ್ಟನ್ನು ಅಕ್ಷರ ಬಿಡದೆ ಓದಿದಳು. ಕಂಬಿಯಲ್ಲಿ ತೂಗುತ್ತಿದ್ದುದನ್ನು ನೋಡಿದಳು. ನಾನು ನಿಟ್ಟುಸಿರು ಸಿದ್ಧಮಾಡಿಕೊಂಡು ಕೂತಿದ್ದೆ. ಅವಳು ಒತ್ತಾಯ ಮಾಡಲೇ ಇಲ್ಲ. “ನಿನ್ನೆ ಓಟಿ ಇತ್ರಿ ಕಾಕಾ, ಬರಾಕ ಆಗ್ಲಿಲ್ಲ. ಇರ್ಲಿ ಬಿಡ್ರಿ, ನಿಮಗೂ ಭಾಳ ಕೆಲ್ಸ ಐತಿ,” ಎಂದು ಚೀಲ ಮಡಚಿಕೊಂಡು ಹೊರಟೇಹೋದಳು.

ಹೊರಗೆ ಕೂತು ಹುಕ್ ಹಾಕುತ್ತಿದ್ದ ನನ್ನ ಹೆಂಡತಿ ಅವಳನ್ನು ಎರಡು ಮಾತು ಕೇಳಿದ್ದಳು. ಒಳಗೆ ಬಂದು ನನಗೆ ಹೇಳಿದಳು. ಆ ಹುಡುಗಿ ಮದುವೆಯಾದ ಮೇಲೆ ಮೊದಲನೇ ಸಲ ನಾಗರ ಪಂಚಮಿಗೆ ತವರಿಗೆ ಹೋಗುತ್ತಿದ್ದಾಳೆ. ಸೀರೆ ಅವಳ ತಮ್ಮ ತನ್ನ ಮೊದಲನೇ ಸಂಬಳದಲ್ಲಿ ತೆಗೆದು ಕಳಿಸಿದ್ದು. ಅದನ್ನುಟ್ಟು ಹಬ್ಬದ ಜೋಕಾಲಿ ಆಡುತ್ತೇನೆಂದು ಅವನಿಗೆ ಮಾತು ಕೊಟ್ಟಿದ್ದಾಳೆ. ಮಂಗಳವಾರ ಸಂಜೆ ಬಸ್ಸು.

“ವಾಪಸ್ ಬರ್ತಾಳೆ ಬಿಡು,” ಎಂದೆ.

“ಅವಳು ಬರಲ್ಲ ಕಣ್ರೀ. ನೀವು ಬರ್ದಿದ್ದನ್ನ ನಂಬಿದಾಳೆ,” ಎಂದಳು.

ಮಧ್ಯಾಹ್ನದವರೆಗೂ ತಡೆದೆ. ಅಷ್ಟು ಹೊತ್ತು ತಡೆದದ್ದು ನನ್ನ ಎರಡನೇ ತಪ್ಪು. ಆಮೇಲೆ ಬೇಕರಿಯಲ್ಲಿ ವಿಚಾರಿಸಿ ಅವಳಿದ್ದ ವಠಾರ ಹುಡುಕಿಕೊಂಡು ಹೋದೆ. ಬಾಗಿಲು ತೆರೆದಿತ್ತು. ಹುಡುಗಿ ಬ್ಲೌಸ್ ಪೀಸನ್ನು ನೆಲದ ಮೇಲೆ ಹಾಸಿ, ಅಳತೆಗೆಂದು ಹಳೆಯ ಬ್ಲೌಸೊಂದನ್ನು ಅದರ ಮೇಲಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳು. ಕೈಯಲ್ಲಿ ಯಾರಿಂದಲೋ ತಂದ ಕತ್ತರಿ. ಫ್ಯಾಕ್ಟರಿಯಲ್ಲಿ ದಿನವಿಡೀ ಶರ್ಟಿಗೆ ಕಾಲರ್ ಕೂರಿಸುವವಳು, ಬಟ್ಟೆ ಕತ್ತರಿಸಿದವಳಲ್ಲ. ಗೆರೆಯಾಚೆ ಹೊಲಿಗೆಗೆಂದು ಒಂದು ಬೆರಳಗಲವೂ ಬಿಟ್ಟಿರಲಿಲ್ಲ. ಹಾಗೇ ಕತ್ತರಿಸಿದ್ದರೆ ಆ ಬ್ಲೌಸು ಅವಳ ಮೈಗೆ ಹತ್ತುತ್ತಿರಲಿಲ್ಲ, ಆ ಪೀಸು ಮತ್ತೆ ಸಿಗುತ್ತಲೂ ಇರಲಿಲ್ಲ.

“ನಿಲ್ಸಮ್ಮಾ, ಕತ್ತರಿ ಹಾಕ್ಬೇಡ,” ಎಂದೆ. “ಶನಿವಾರ ಮುಗೀತು ಅಂತ ಬರ್ದಿದ್ದು ಸುಳ್ಳು.”

ಅವಳು ನನ್ನ ಮುಖ ನೋಡಿದಳು. “ಅಷ್ಟು ಜಂಪರ್ ತೂಗ್ಯಾಡಾಕತ್ತಿದ್ವಲ್ರಿ?”

“ನಮ್ಮನೆಯವ್ಳವು. ಹಳೇವು.”

“ಮತ್ತ ಶುಭಾಶಯ? ಅದೂ ಸುಳ್ಳೇನ್ರಿ ಕಾಕಾ?”

ಪಕ್ಕದ ಮನೆಯ ಬಾಗಿಲಲ್ಲಿ ಯಾರೋ ನಕ್ಕರು. ಅವಳು ನಗಲಿಲ್ಲ. ಪೀಸನ್ನೂ ಅಳತೆ ಬ್ಲೌಸನ್ನೂ ಮಡಚಿ ನನ್ನ ಕೈಗಿಟ್ಟಳು. ಅಂಗಡಿಗೆ ಬಂದವನೇ ಲೈನಿಂಗ್ ಬಟ್ಟೆ ನೆನೆಹಾಕಿದೆ. ಮೊದಲೇ ನೆನೆಸದಿದ್ದರೆ ಒಂದು ಒಗೆತಕ್ಕೆ ಅದು ಕುಗ್ಗಿ ಬ್ಲೌಸನ್ನೇ ಎಳೆದುಬಿಡುತ್ತದೆ. ಮೋಡದ ದಿನ, ಒಣಗಲೊಲ್ಲದು. ಹೆಂಡತಿ ಇಸ್ತ್ರಿ ಹಾಕಿ ಒಣಗಿಸಿದಳು, ಬೈಯುತ್ತಲೇ.

ಸೋಮವಾರ ಹುಡುಗಿ ಶಿಫ್ಟ್ ಮುಗಿಸಿ ಬಂದು ಪರದೆಯ ಹಿಂದೆ ತೊಟ್ಟು ನೋಡಿದಳು. ತೋಳು ತುಸು ಬಿಗಿ ಎಂದಳು. ಒಳಗೆ ಬಿಟ್ಟಿದ್ದ ಬಟ್ಟೆಯಲ್ಲಿ ಒಂದು ಹೊಲಿಗೆ ಬಿಚ್ಚಿಕೊಟ್ಟೆ. ಎರಡನೇ ಸಲ ಹೊರಗೆ ಬಂದಾಗ ಕೈ ಮೇಲೆತ್ತಿ, ಜೋಕಾಲಿಯ ಹಗ್ಗ ಹಿಡಿದ ಹಾಗೆ ಮಾಡಿ, ಹಿಂದಕ್ಕೂ ಮುಂದಕ್ಕೂ ಬಾಗಿ ನೋಡಿದಳು. ಎಲ್ಲೂ ಎಳೆಯಲಿಲ್ಲ. ಆಗ ನಕ್ಕಳು.

ಹೊರಡುವಾಗ ಬಾಗಿಲಲ್ಲಿ ನಿಂತು, “ಕಾಕಾ, ದೀಪಾವಳಿಗೆ ಇನ್ನೊಂದು ಹೊಲಿಸಾಕ ಬರ್ತೀನ್ರಿ. ನಿಮ್ಮ ಬೋರ್ಡ್ ಮಾತ್ರ ಓದಂಗಿಲ್ಲ, ಸೀದಾ ಒಳಗ ಬರ್ತೀನಿ,” ಎಂದಳು.

ಹೆಂಡತಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಅಷ್ಟು ವರ್ಷಗಳಲ್ಲಿ ನಾನು ಬರೆದದ್ದನ್ನು ಬರೆದ ಹಾಗೇ ನಂಬಿದವಳು ಅವಳೊಬ್ಬಳೇ. ಅವಳನ್ನೂ ಉಳಿದವರ ಸಾಲಿಗೆ ಸೇರಿಸಿಬಿಟ್ಟೆ.