ತಂಗಿಯ ಮಜ್ಜೆಯ ರಿಪೋರ್ಟು

ಹಿಂದೂಪುರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಹಾಗಾಗಿ, ಕಲ್ಯಾಣದುರ್ಗಕ್ಕೆ ಕೊಟ್ಟಿದ್ದ ತಂಗಿಗೆ ರಕ್ತದ ಕ್ಯಾನ್ಸರ್ ಬಂದಾಗ ಅವಳ ರಿಪೋರ್ಟುಗಳನ್ನು ಓದುವ ಹೊಣೆ ನನ್ನ ಮೇಲೆ ಬಿತ್ತು. ಬೆಂಗಳೂರಿನ ಆಸ್ಪತ್ರೆಗೆ ರೈಲಿನಲ್ಲಿ ಹೋಗಿಬರಲು ಸುಲಭವೆಂದು ಅವಳು ನನ್ನ ಮನೆಯಲ್ಲೇ ಇದ್ದಳು.

ಮೊದಲ ಸುತ್ತಿನ ಕೀಮೋ ಮುಗಿದ ಮೇಲೆ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಎಂಆರ್‌ಡಿ ಪರೀಕ್ಷೆಗೆ ಕಳಿಸಿದರು. ಮೈಕ್ರೋಸ್ಕೋಪಿನಲ್ಲಿ ಗುರುತಿಸಲಾಗದಷ್ಟು ಕಡಿಮೆ ಉಳಿದ ರೋಗವನ್ನು ಹುಡುಕುವ ಪರೀಕ್ಷೆ ಅದು. ಫಲಿತಾಂಶ ಬಂದ ದಿನ ತಂಗಿ ಬೆನ್ನಿಗೆ ಇಂಜೆಕ್ಷನ್ ಹಾಕಿಸಿಕೊಂಡು ಒಳಗೆ ಮಲಗಿದ್ದಳು. ಡಾಕ್ಟರಮ್ಮ ನನ್ನೊಬ್ಬಳನ್ನೇ ಕರೆದರು.

"ಪತ್ತೆಯಾಗಿಲ್ಲ ಅಂತ ಬಂದಿದೆ. ಒಳ್ಳೇ ಸುದ್ದಿ. ಆದರೆ ಹತ್ತು ಸಾವಿರ ಕಣಗಳಲ್ಲಿ ಒಂದಿದ್ದರೆ ಇದು ಹಿಡಿಯುತ್ತೆ, ಅದಕ್ಕಿಂತ ಕಡಿಮೆ ಇದ್ದರೆ ಸಿಗದೇ ಹೋಗಬಹುದು. ಅದಕ್ಕೇ ಇನ್ನೂ ಕೀಮೋ, ಆಮೇಲೆ ಎರಡು ವರ್ಷ ಮಾತ್ರೆ. ಬಿಡಬಾರದು."

ಹೊರಗೆ ಬಂದು ತಂಗಿಯ ಗಂಡನಿಗೆ ಫೋನ್ ಮಾಡಿದೆ. ಖುಷಿಯಲ್ಲಿ ಅಷ್ಟನ್ನೆಲ್ಲ ಹೇಳುವ ತಾಳ್ಮೆ ನನಗಿರಲಿಲ್ಲ. "ಏಮೀ ಲೇದಂಟ," ಅಂದೆ. ಏನೂ ಇಲ್ಲವಂತೆ. ಅವನು ಅತ್ತುಬಿಟ್ಟ. ತಂಗಿಗೂ ಅಷ್ಟನ್ನೇ ಹೇಳಿದೆ.

ಉಳಿದ ಕೀಮೋ ಮುಗಿಸಿ, ಮಾತ್ರೆಗಳನ್ನು ಕಟ್ಟಿಸಿಕೊಂಡು ಅವಳು ಕಲ್ಯಾಣದುರ್ಗಕ್ಕೆ ಹೋದಳು. ಅಲ್ಲಿ ಮಾಡಿಸಿದ ರಕ್ತಪರೀಕ್ಷೆಯನ್ನು ಫೋನಿಗೆ ಕಳಿಸುತ್ತಿದ್ದಳು. ಬಿಳಿ ರಕ್ತಕಣ ಚೆನ್ನಾಗಿ ಏರಿದ್ದನ್ನು ಕಂಡು ಹಿಗ್ಗಿದೆ. ಆ ಮಾತ್ರೆ ನುಂಗುವವರಲ್ಲಿ ಅದು ತುಸು ತಗ್ಗಿಯೇ ಇರಬೇಕೆಂದು ಲ್ಯಾಬಿನವಳಾದ ನನಗೇ ಹೊಳೆಯಲಿಲ್ಲ. ಬೆಂಗಳೂರಿಗೆ ತೋರಿಸಲು ಹೋಗುವುದನ್ನು ಅವಳು ಎರಡು ಸಲ ಮುಂದೂಡಿದಾಗಲೂ ಒತ್ತಾಯಿಸಲಿಲ್ಲ.

ಒಂದು ದಿನ ಒಸಡಿನಲ್ಲಿ ರಕ್ತ ಬರುತ್ತಿದೆ ಎಂದು ಬಂದಳು. ತೋಳಿನ ತುಂಬ ನೀಲಿ ಕಲೆ. ರಕ್ತ ನಾನೇ ತೆಗೆದೆ. ಬೆಂಗಳೂರಿನಲ್ಲಿ, ರೋಗ ಮರಳಿದೆ ಎಂದರು.

"ಮಾತ್ರೆ ನುಂಗ್ತಿದ್ದೆ ತಾನೆ?" ಅಂದೆ.

"ಬಾಯೆಲ್ಲ ಹುಣ್ಣಾಗಿತ್ತು ಕಣಕ್ಕ. ಏನೂ ಇಲ್ಲ ಅಂದ್ಮ್ಯಾಕೆ ಯಾಕೆ ನುಂಗ್ಬೇಕು ಅಂತ ನಾಕು ತಿಂಗ್ಳಿಂದ ಬುಟ್ಬುಟ್ಟಿದ್ದೆ."

ಡಾಕ್ಟರಮ್ಮ ಬೈಯಲಿಲ್ಲ. ಬಿಟ್ಟಿದ್ದರಿಂದಲೇ ಬಂತೆಂದು ಹೇಳಲಾಗದು, ತಪ್ಪದೆ ನುಂಗಿದ ಕೆಲವರಿಗೂ ಮರಳುತ್ತದೆ ಎಂದರು. ಸಮಾಧಾನಕ್ಕೆಂದು ಆಡಿದ ಮಾತು. ನನಗೆ ಅದರಿಂದ ಸಮಾಧಾನವಾಗಲಿಲ್ಲ. ತಪ್ಪು ನನ್ನದೇ ಎಂದು ಖಚಿತವಾಗಿದ್ದರೆ ಅಳುವುದಕ್ಕಾದರೂ ಆಗುತ್ತಿತ್ತು.

ಈಗ ಮತ್ತೆ ಕೀಮೋ ನಡೆದಿದೆ. ರೋಗ ಹತೋಟಿಗೆ ಬಂದರೆ ಮಜ್ಜೆಯ ಕಸಿ. ನನ್ನದು ಹೊಂದುತ್ತದೆ. ಮೊನ್ನೆ ವಾರ್ಡಿನಲ್ಲಿ ಅದನ್ನು ಹೇಳಿದಾಗ ತಂಗಿ ಗೋಡೆಯ ಕಡೆ ಮುಖ ಮಾಡಿಯೇ ಮಾತಾಡಿದಳು.

"ನಿನ್ ಮಜ್ಜೆ ಈಸ್ಕೊಂತೀನಿ. ರಿಪೋರ್ಟ್ ಮಾತ್ರ ನೀನ್ ಓದ್ಬ್ಯಾಡ ಕಣಕ್ಕ. ಡಾಕ್ಟ್ರಮ್ಮನೇ ನಂಗೆ ಹೇಳ್ಲಿ."

ಆಗಲಿ ಎಂದೆ.