ಮುನಿಸಿಕೊಂಡು ಹೋದ ಸಾಕ್ಷಿ

ಬೀಗದ ಮಾವನಿಗೆ ಸ್ವಂತ ಹೆಸರೊಂದಿತ್ತು, ಆದರೆ ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಔಷಧಿ ಅಂಗಡಿಯ ಮೆಟ್ಟಿಲ ಪಕ್ಕದಲ್ಲಿ ಮರದ ಪೆಟ್ಟಿಗೆ ಇಟ್ಟುಕೊಂಡು, ಅರ ಹಿಡಿದು ಬೀಗದ ಕೈ ಉಜ್ಜುತ್ತ ಕೂತೇ ಅವನ ತಲೆ ನೆರೆತಿತ್ತು. ಮದುವೆಯಾಗಲಿಲ್ಲ. ಅಕ್ಕನ ಮನೆಯೇ ಮನೆ, ಅಕ್ಕನ ಮಗಳೇ ಮಗಳು.

ಕೆಲಸದಲ್ಲಿ ಅವನಿಗೆ ಎಲ್ಲಿಲ್ಲದ ತಾಳ್ಮೆ. ಮನೆಗೆ ಬಂದನೋ, ಮುಗಿಯಿತು. ಸಾರು ಆರಿದ್ದರೆ ಮುನಿಸು, ಬಿಸಿಯಿದ್ದರೆ ನಾಲಿಗೆ ಸುಟ್ಟಿತೆಂದು ಮುನಿಸು. ಮುನಿಸಿಕೊಂಡರೆ ಜಗಳವಾಡುವವನಲ್ಲ, ಎದ್ದು ಹೋಗಿ ಯಾರಿಗಾದರೂ ಕಾಣುವ ಜಾಗದಲ್ಲಿ ಕೂರುತ್ತಿದ್ದ. ಆಗ ಅಕ್ಕ, "ಹೋಗೇ, ನಿನ್ನ ಮಾವನ್ನ ಕರ್ಕೊಂಡು ಬಾ, ಮಹಾರಾಜರ ಸವಾರಿ ಹೊರಟಿದೆ" ಎಂದು ಮಗಳನ್ನು ಕಳಿಸುತ್ತಿದ್ದಳು. ಪುಟ್ಟ ಹುಡುಗಿ ಬಂದು ಅವನ ಕಿರುಬೆರಳು ಹಿಡಿದು ಎಳೆಯುತ್ತಿದ್ದಳು. ಅವನು ಭಾರವಾದವನಂತೆ ನಟಿಸಿ, ಆಮೇಲೆ ಏಳುತ್ತಿದ್ದ.

ಆ ಹುಡುಗಿಗೆ ಈಗ ಮದುವೆಯಾಗಿದೆ. ಆಸ್ಪತ್ರೆಯಲ್ಲಿ ನರ್ಸ್. ಗಂಡ ಬೇಕರಿಯ ಗಾಡಿ ಓಡಿಸುತ್ತಾನೆ. ಆಸ್ಪತ್ರೆಯ ವಿಮೆಯಲ್ಲಿ ಗಂಡನ ಹೆಸರು ಸೇರಬೇಕಾದರೆ ಮದುವೆ ನೋಂದಣಿಯ ಪತ್ರ ಬೇಕು ಎಂದರು. ಆ ಅರ್ಜಿ ಈಗ ಕಂಪ್ಯೂಟರಿನಲ್ಲೇ ಹಾಕುವುದು. ಹಾಗಾಗಿ ಒಂದು ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಬೀಗದ ಮಾವನನ್ನು ಅವನ ಪೆಟ್ಟಿಗೆಯ ಮುಂದಿನಿಂದಲೇ ಎಬ್ಬಿಸಿಕೊಂಡು, ಅರ್ಜಿ ತುಂಬಿಕೊಡುವ ಅಂಗಡಿಗೆ ಹೋದರು.

"ಯಾಕೆ ಅಂತ ಹೇಳೇ" ಎಂದ ಮಾವ ದಾರಿಯಲ್ಲಿ.

"ನೀನು ಸಾಕ್ಷಿ, ಮಾವ. ಮೂರು ಜನ ಬೇಕಂತೆ. ಇವರ ಸ್ನೇಹಿತ ಒಬ್ಬ, ನಮ್ಮ ವಾರ್ಡಿನ ಸಿಸ್ಟರ್ ಒಬ್ಬರು. ಮೂರನೆಯವನು ನೀನಲ್ದೆ ಇನ್ಯಾರು?"

ಸಾಕ್ಷಿ ಎಂದ ಕೂಡಲೇ ಮಾವ ನಡೆಯುತ್ತಿದ್ದವನು ನಿಂತ. ಆದರೂ ಅವಳ ಮುಖ ನೋಡಿ ನಡೆದ.

ಅಂಗಡಿ ಎಂದರೆ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಕಂಪ್ಯೂಟರ್, ಸದಾ ಕೆಮ್ಮುವ ಜೆರಾಕ್ಸ್ ಯಂತ್ರ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡಿದ್ದ ಹೆಂಗಸು ಕಾಗದಗಳನ್ನು ಒಂದೊಂದಾಗಿ ಕೇಳಿ ಇಸಿದುಕೊಂಡಳು. ಇಬ್ಬರ ವಯಸ್ಸಿಗೂ ವಿಳಾಸಕ್ಕೂ ದಾಖಲೆ, ಇಬ್ಬರ ಪಾಸ್‌ಪೋರ್ಟ್ ಸೈಜ್ ಫೋಟೋ, ಲಗ್ನಪತ್ರಿಕೆ, ಗಂಡುಹೆಣ್ಣು ಒಟ್ಟಿಗಿರುವ ಮದುವೆಯ ಫೋಟೋ.

"ಇದೆಲ್ಲ ಇಲ್ಲಿ ಸ್ಕ್ಯಾನ್ ಮಾಡಿ ಹಾಕ್ತೀನಿ. ಆದ್ರೆ ನೋಂದಣಿ ಆಫೀಸಿಗೆ ಹೋಗೋ ದಿನ ಒರಿಜಿನಲ್ಲೇ ತಗೊಂಡು ಹೋಗ್ಬೇಕು, ಜೆರಾಕ್ಸ್ ತೋರಿಸಿದ್ರೆ ವಾಪಸ್ ಕಳಿಸ್ತಾರೆ. ಸಾಕ್ಷಿಗಳೂ ಅವರವರ ಗುರುತಿನ ಚೀಟಿ ಹಿಡ್ಕೊಂಡು ಖುದ್ದಾಗಿ ಬರ್ಬೇಕು. ಸರಿ, ಮೂರನೇ ಸಾಕ್ಷಿ ಯಾರು?"

"ಇವ್ರೇ, ನಮ್ಮ ಸೋದರಮಾವ."

"ಕಾರ್ಡ್ ಕೊಡಿ ಯಜಮಾನ್ರೇ."

"ಮನೇಲಿ ಬಿಟ್ಟು ಬಂದಿದೀನಿ" ಎಂದ ಮಾವ.

"ಜೇಬಲ್ಲಿ ಕಾಣ್ತಾ ಇದೆಯಲ್ಲ, ಮಾವ!" ಎಂದು ನಗುತ್ತ ಅವಳೇ ಎಳೆದುಕೊಟ್ಟಳು.

"ಅದರಲ್ಲಿ ನನ್ನ ಹೆಸರು ತಪ್ಪಾಗಿದೆ. ಒಂದು ಅಕ್ಷರ ನುಂಗಿಬಿಟ್ಟಿದಾರೆ."

"ಕಾರ್ಡಲ್ಲಿ ಹೇಗಿದೆಯೋ ಹಾಗೇ ಹಾಕೋದು. ನುಂಗಿದ್ದನ್ನ ನಾವು ಕಕ್ಕಿಸೋ ಹಾಗಿಲ್ಲ." ಹೆಂಗಸು ಟೈಪು ಮಾಡತೊಡಗಿದಳು. ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ, ಫೋನು. "ಉದ್ಯೋಗ?"

"ಬೀಗ ರಿಪೇರಿ."

"ಹುಡುಗಿಗೆ ಸೋದರಮಾವ, ಅಲ್ವಾ? ಆಯ್ತು. ಇನ್ನು ಈ ಘೋಷಣೆ ಓದಿ ಹೇಳ್ತೀನಿ, ಕೇಳಿಸ್ಕೊಳ್ಳಿ." ಅವಳು ತೆರೆಯ ಮೇಲೆ ಬೆರಳಿಟ್ಟು ಓದಿದಳು. "ಮದುವೆ ನಡೆದಾಗ ನಾನು ಖುದ್ದಾಗಿ ಹಾಜರಿದ್ದೆ, ಕಣ್ಣಾರೆ ಕಂಡಿದ್ದೇನೆ. ಆಫೀಸಲ್ಲೂ ಇದನ್ನೇ ಕೇಳ್ತಾರೆ, ಆಮೇಲೆ ಸಹಿ ಹಾಕಿಸ್ಕೊಳ್ತಾರೆ. ನೋಡಿದೀರಿ ತಾನೆ?"

"ನೋಡಿದೀರಾ ಅಂತ ಕೇಳೋದಾ ಮೇಡಂ?" ನರ್ಸ್ ಉಬ್ಬಿ ಹೇಳಿದಳು. "ಮಾವ ನಮ್ಮ ಮುಂದೇನೇ ನಿಂತಿದ್ರು. ನಾನು ಅವತ್ತು ಅತ್ತಾಗ ಅವರೂ ಅಳ್ತಾ ಇದ್ರಂತೆ, ಯಾರೋ ಹೇಳಿದ್ರು."

ಮಾವ ಜೆರಾಕ್ಸ್ ಯಂತ್ರದ ಕಡೆ ಮುಖ ತಿರುಗಿಸಿದ.

ಮದುವೆಯ ದಿನ ಅವನು ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸಾಲಿನ ಕುರ್ಚಿ ಹಿಡಿದು ಕೂತಿದ್ದ. ಹೊಸ ಅಂಗಿ. ಹುಡುಗಿಯನ್ನು ಇನ್ನೇನು ಕರೆತರಬೇಕು, ಅಷ್ಟರಲ್ಲಿ ಭಾವ ಬಂದು, "ಸ್ವಲ್ಪ ಹಿಂದಕ್ಕೆ ಬಾರಪ್ಪ, ಬೇಕರಿ ಸಾಹುಕಾರ್ರು ಬಂದಿದಾರೆ" ಎಂದ. ಅಷ್ಟೇ. ಹಿಂದಿನ ಸಾಲಿನಲ್ಲಿ ಬೇಕಾದಷ್ಟು ಜಾಗವಿತ್ತು. ಮಾವ ಹಿಂದಕ್ಕೆ ಹೋದವನು ಹಿಂದಿನ ಸಾಲಿನಲ್ಲೂ ನಿಲ್ಲದೆ ಬಾಗಿಲು ದಾಟಿ, ರಸ್ತೆ ದಾಟಿ, ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತ. ಮದುವೆ ಮನೆಯ ಬಾಗಿಲಿನಿಂದ ಚೆನ್ನಾಗಿ ಕಾಣುವ ಹಾಗೆಯೇ ಕೂತ. ಯಾರಾದರೂ ಬರುತ್ತಾರೆ, ಬೆರಳು ಹಿಡಿದು ಎಳೆಯುತ್ತಾರೆ ಎಂದುಕೊಂಡ. ಒಳಗೆ ಚಪ್ಪಾಳೆ ಕೇಳಿಸಿತು, ನಗು ಕೇಳಿಸಿತು. ಯಾರೂ ಬರಲಿಲ್ಲ. ಎಲ್ಲ ಮುಗಿದ ಮೇಲೆ ಮೆಲ್ಲಗೆ ಬಂದು ಊಟದ ಸಾಲಿನಲ್ಲಿ ನಿಂತ. ಎಲ್ಲಿಗೆ ಹೋಗಿದ್ದೆ ಎಂದು ಒಬ್ಬರೂ ಕೇಳಲಿಲ್ಲ. ಅಕ್ಕ, "ಪಲ್ಯ ಹಾಕಿಸ್ಕೋ" ಎಂದಳು.

ಈಗ ಹೌದು ಎಂದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಬಾಯಿ ತೆರೆದ. ಹುಡುಗಿ ಅವನನ್ನೇ ನೋಡುತ್ತಿದ್ದಳು, ಮದುವೆಯಲ್ಲಿ ಮುಂದೇನೇ ನಿಂತಿದ್ದನೆಂದು ತಾನು ನಂಬಿದ್ದ ಮಾವನನ್ನು.

"ನಾನು ನೋಡಿಲ್ಲ" ಎಂದ.

"ಏನು?"

"ಮದುವೆ. ನೋಡಿಲ್ಲ ಕಣೇ. ಎದ್ದು ಹೋಗಿದ್ದೆ. ಎದುರುಗಡೆ ಚಹಾ ಅಂಗಡೀಲಿ ಕೂತಿದ್ದೆ."

ಅವಳ ಗಂಡ ಮೊದಲು ನಗಲು ಹೋದ, ಆಮೇಲೆ ನೆಲ ನೋಡಿದ. ಹೆಂಗಸು ಕೀಲಿಮಣೆಯಿಂದ ಕೈ ತೆಗೆದಳು.

"ಯಾಕೆ ಮಾವ? ಹುಷಾರಿರ್ಲಿಲ್ವಾ?"

ಹುಷಾರಿರಲಿಲ್ಲ ಎನ್ನಬಹುದಿತ್ತು; ದಾರಿ ಅವಳೇ ತೋರಿಸಿಕೊಟ್ಟಿದ್ದಳು. ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆಯುತ್ತ ಅವನು, "ಕುರ್ಚಿಯಿಂದ ಎಬ್ಬಿಸಿದ್ರು ಅಂತ" ಎಂದ. ಆಡಿದ ಮೇಲೆ ಆ ಮಾತು ಎಷ್ಟು ಚಿಕ್ಕದಾಗಿತ್ತೆಂದರೆ, ತಲೆ ನೆರೆತ ಗಂಡಸಿನ ಬಾಯಲ್ಲಿ ಅದು ಹಾಲುಹಲ್ಲಿನಂತೆ ಕಂಡಿತು.

"ಅಷ್ಟಕ್ಕಾ?" ಎಂದಳು ಅವಳು. ಕಣ್ಣು ತುಂಬಿತು, ಸಿಟ್ಟಿಗೋ ಯಾತಕ್ಕೋ. "ನಾನೊಬ್ಬಳೇ ಮಗಳು ಮಾವ ನಿಂಗೆ. ಒಂದೇ ಸಲ ಆಗಿದ್ದು ಮದುವೆ." ಆಮೇಲೆ ದನಿ ತಗ್ಗಿಸಿ, "ನೀನಿಲ್ಲ ಅಂತ ನನಗೆ ಗೊತ್ತೇ ಆಗ್ಲಿಲ್ವಲ್ಲ" ಎಂದಳು.

ಅದು ಬೈಗುಳಕ್ಕಿಂತ ಕಷ್ಟವಾಯಿತು. "ನಿನ್ನ ತಪ್ಪಲ್ಲ ಬಿಡು. ಮದುಮಗಳು ಬಾಗಿಲು ನೋಡ್ತಾ ಕೂರ್ತಾಳಾ?" ಎಂದ.

ಹೆಂಗಸು ಕನ್ನಡಕ ಮೇಲಕ್ಕೇರಿಸಿದಳು. "ಇನ್ನೂ ಸಬ್ಮಿಟ್ ಮಾಡಿಲ್ಲ, ಬದಲಾಯಿಸ್ಬಹುದು. ನೋಡಿರೋರು ಇನ್ನೊಬ್ಬರ ಹೆಸರು ಹೇಳಿ. ಸುಮ್ನೆ ಯಾರ್ದೋ ಹಾಕಿ, ಆಫೀಸಲ್ಲಿ ತಡವರಿಸಿದ್ರೆ ನಿಮಗೇ ತೊಂದರೆ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಊರಲ್ಲೇ ಇರುವವರು, ಕೆಲಸ ಬಿಟ್ಟು ಆಫೀಸಿಗೆ ಬರುವವರು ಯಾರು ಎಂದು ಯೋಚಿಸಿದರು.

"ಬೇಕರಿ ಸಾಹುಕಾರ್ರು" ಎಂದ ಮಾವ. "ಅವರು ಚೆನ್ನಾಗಿ ನೋಡಿರ್ತಾರೆ. ಒಳ್ಳೇ ಕುರ್ಚಿ ಅದು."

ಅಳಿಯ, "ನಾನು ಕೇಳ್ತೀನಿ ಬಿಡಿ" ಎಂದು ಫೋನು ತೆಗೆದ. ಮಾವ ಅವನ ಕೈ ತಡೆದ. "ಬೇಡಪ್ಪ. ನಾನೇ ಹೋಗಿ ಕಾರ್ಡ್ ಇಸ್ಕೊಂಡು ಬರ್ತೀನಿ. ನೀವು ಇಲ್ಲೇ ಇರಿ."

ಹೊರಡುವ ಮುಂಚೆ ಒಮ್ಮೆ ತೆರೆಯ ಕಡೆ ನೋಡಿದ. ಹೆಂಗಸು ಒಂದು ಗುಂಡಿ ಒತ್ತಿ ಹಿಡಿದಿದ್ದಳು. ಅವನ ಹೆಸರು ಕೊನೆಯ ಅಕ್ಷರದಿಂದ ಮೊದಲಾಗಿ ಅಳಿಸುತ್ತ ಬಂದು, ಚೌಕ ಬಿಳಿಯಾಯಿತು.

ಬೇಕರಿಯಲ್ಲಿ ಸಾಹುಕಾರ ಬ್ರೆಡ್ಡಿನ ತಟ್ಟೆಗಳ ಹಿಂದೆ ನಿಂತಿದ್ದ. ಗಿರಾಕಿಗಳು ಸರಿಯುವವರೆಗೂ ಮಾವ ಒಂದು ಬದಿಗೆ ನಿಂತ. ಆಮೇಲೆ ತಾನು ಯಾರು, ಯಾತಕ್ಕೆ ಬಂದೆ, ಕರೆದ ದಿನ ಆಫೀಸಿಗೆ ಖುದ್ದಾಗಿ ಬರಬೇಕಾಗುತ್ತದೆ ಎಂದೆಲ್ಲ ಹೇಳಿದ.

"ಅದಕ್ಕೇನಂತೆ, ನಮ್ಮ ಹುಡುಗನ ಮದುವೆ, ಬರ್ತೀನಿ" ಎಂದು ಸಾಹುಕಾರ ಗಲ್ಲಾದಿಂದ ಕಾರ್ಡ್ ತೆಗೆದುಕೊಟ್ಟ. ಕೊಟ್ಟ ಮೇಲೆ ಅವನಿಗೆ ಹೊಳೆಯಿತು. "ಅಲ್ಲಾ, ನೀವು ಸೋದರಮಾವ ಅಂತೀರಿ. ನೀವೇ ಹಾಕ್ಬಹುದಿತ್ತಲ್ಲ ಸಾಕ್ಷಿ? ಮದುವೆಗೆ ಬಂದಿರ್ಲಿಲ್ವಾ?"

ಹಿಂದೆ ಯಾರೋ ಬಂದು ನಿಂತು ಬನ್ನು ಕೇಳುತ್ತಿದ್ದರು. ಮಾವ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬಂದಿದ್ದೆ" ಎಂದ. "ನೋಡ್ಲಿಲ್ಲ."