ಒಂದೇ ಸ್ವಿಚ್ಚಿಗೆ ಎದ್ದ ಟ್ಯಾಗುಗಳು

ಕೀಗೊಂಚಲಲ್ಲಿ ತೂಗುವ ಆ ಪ್ಲಾಸ್ಟಿಕ್ ಟ್ಯಾಗ್ ಎಲ್ಲಿ ಕಂಡರೂ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ. ಚೆನ್ನೈನ ಕ್ರೋಂಪೇಟೆಯ ಒಂದು ಸಣ್ಣ ಕಂಪನಿಯಲ್ಲಿ ನಾವು ಎಲೆಕ್ಟ್ರಾನಿಕ್ ಬೀಗ ಮಾಡುತ್ತಿದ್ದೆವು. ಟ್ಯಾಗ್ ಹಿಡಿದರೆ ಬಾಗಿಲು ತೆರೆಯುತ್ತದೆ, ಯಾರು ತೆರೆದರೆಂದು ದಾಖಲಾಗುತ್ತದೆ. ಪ್ರತಿ ಟ್ಯಾಗಿನೊಳಗೂ ಅದು ತಾನಾಗಿ ಹುಟ್ಟಿಸಿಕೊಂಡ ಒಂದು ಗುಟ್ಟಿನ ಕೀಲಿ, ಅಂದರೆ ಒಂದು ಉದ್ದನೆಯ ಸಂಖ್ಯೆ, ಇರುತ್ತದೆ. ಅದು ಇನ್ನೊಂದು ಟ್ಯಾಗಿಗೆ ಇರಕೂಡದು. ಇರುವುದಿಲ್ಲವೆಂದು ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸ. ಹಾಕಿದ್ದೆ.

ನಮ್ಮ ಬೀಗ ಹಾಕಿಸಿಕೊಂಡಿದ್ದ ಒಂದು ಹೆಂಗಸರ ಹಾಸ್ಟೆಲಿನಲ್ಲಿ ಚಿನ್ನದ ಸರ ಕಳುವಾಯಿತು. ಆ ಕೋಣೆ ತೆರೆದದ್ದು ಕಸ ಗುಡಿಸುವ ಹೆಂಗಸಿನ ಟ್ಯಾಗ್ ಎಂದು ದಾಖಲೆ ಹೇಳಿತು. ಆ ಹೊತ್ತಿಗೆ ತಾನು ಮನೆಯಲ್ಲಿದ್ದೆ ಅಂದಳಂತೆ. ವಾರ್ಡನ್ ನಮ್ಮನ್ನು ಕೇಳಿದರು. ನಾನು ಕೀಲಿಯಿಂದಲೇ ಬರುವ ಅದರ ಗುರುತಿನ ಸಂಖ್ಯೆಯನ್ನೂ ಟೈಪ್ ಮಾಡಿ, ಈ ಕೀಲಿ ಬೇರೆ ಯಾರ ಬಳಿಯೂ ಇರಲು ಸಾಧ್ಯವಿಲ್ಲ ಎಂದು ಪತ್ರ ಕೊಟ್ಟೆ. ಆ ವಾರವೇ ಅವಳನ್ನು ಕೆಲಸದಿಂದ ತೆಗೆದರು.

ಎರಡು ತಿಂಗಳಿಗೆ ಅದೇ ಹಾಸ್ಟೆಲಿನ ಹುಡುಗಿಯರ ಕೆಲವು ಟ್ಯಾಗುಗಳು ಬ್ಯಾಟರಿ ಬದಲಾವಣೆಗೆ ಬಂದವು. ರೀಡರಿನ ಮೇಲೆ ಒಂದನ್ನಿಟ್ಟೆ. ತೆರೆಯ ಮೇಲಿನ ಗುರುತಿನ ಸಂಖ್ಯೆ ಎಲ್ಲೋ ನೋಡಿದಂತಿತ್ತು. ಪತ್ರ ತೆಗೆದು ನೋಡಿದೆ. ಅದೇ. ಇನ್ನೊಂದನ್ನಿಟ್ಟೆ, ಅದೂ ಅದೇ.

ಟ್ಯಾಗಿನ ಪ್ರೋಗ್ರಾಮಿನ ಕೋಡು ಬಿಚ್ಚಿದರೆ ಥೂ! ಚಿಪ್‌ನಲ್ಲಿ ವಿದ್ಯುತ್ತಿನ ಗದ್ದಲದಿಂದ ಊಹೆಗೆ ಸಿಗದ ಸಂಖ್ಯೆ ತೆಗೆಯುವ ಭಾಗವೇ ಇತ್ತು. ಅದು ಸಿದ್ಧವಾಗಲು ಒಂದಿಷ್ಟು ಹೊತ್ತು ಬೇಕು, ತಯಾರಿಕೆಯ ಲೈನ್ ನಿಧಾನವಾಗುತ್ತದೆಂದು ಅದನ್ನು ಬಿಟ್ಟು ಆಟಗಳಲ್ಲಿ ದಾಳ ಹಾಕಲು ಬಳಸುವ ಮಾಮೂಲಿ ರ‍್ಯಾಂಡಮ್ ಫಂಕ್ಷನ್ ಹಾಕಿದ್ದರು. ಅದು ಬರೀ ಲೆಕ್ಕ. ಮೊದಲ ಸಂಖ್ಯೆ ಯಾವುದು ಕೊಟ್ಟರೆ ಮುಂದಿನದೆಲ್ಲ ಅದರಿಂದಲೇ ಹುಟ್ಟುತ್ತದೆ; ಅದೇ ಮೊದಲು ಕೊಟ್ಟರೆ ಅದೇ ಸಾಲು. ನಮ್ಮವರು ಕೊಟ್ಟ ಮೊದಲ ಸಂಖ್ಯೆ, ಕರೆಂಟು ಬಂದು ಎಷ್ಟು ಮಿಲಿಸೆಕೆಂಡಾಯಿತು ಎಂಬುದು. ಟ್ಯಾಗಿನಲ್ಲಿ ಗಡಿಯಾರವಿಲ್ಲ, ಎಣಿಕೆ ಸೊನ್ನೆಯಿಂದ. ನಮ್ಮ ಲೈನಿನ ಪದ್ಧತಿಯೋ, ನಲವತ್ತು ಟ್ಯಾಗುಗಳನ್ನು ಟ್ರೇಯಲ್ಲಿ ಜೋಡಿಸಿ ಒಂದೇ ಸ್ವಿಚ್ ಒತ್ತುವುದು. ಎಲ್ಲವೂ ಒಟ್ಟಿಗೇ ಎದ್ದು, ಬೆರಳೆಣಿಕೆಯ ಮಿಲಿಸೆಕೆಂಡುಗಳಲ್ಲೇ ಕೀಲಿ ಹುಟ್ಟಿಸಿಕೊಂಡಿದ್ದವು; ಎಷ್ಟೋ ಟ್ಯಾಗುಗಳಿಗೆ ಮೊದಲ ಸಂಖ್ಯೆಯೂ ಒಂದೇ, ಕೀಲಿಯೂ ಒಂದೇ.

ಹಾಸ್ಟೆಲಿನ ಸಾಫ್ಟ್‌ವೇರು ಇನ್ನೂ ಚೆಂದ. ಇದ್ದ ಕೀಲಿಯನ್ನೇ ಮತ್ತೆ ನೋಂದಾಯಿಸಿದರೆ ತಕರಾರಿಲ್ಲದೆ ಹಳೆಯ ಹೆಸರಿನ ಮೇಲೆ ಹೊಸ ಹೆಸರು ಬರೆಯುತ್ತಿತ್ತು. ಕೊನೆಗೆ ಸೇರಿದವಳು ಗುಡಿಸುವವಳು, ಎಲ್ಲ ಕೋಣೆಗೂ ಪರವಾನಗಿ ಇದ್ದವಳು. ಅಂದರೆ ಆ ಇಬ್ಬರು ಹುಡುಗಿಯರ ಟ್ಯಾಗುಗಳೂ ಎಲ್ಲ ಕೋಣೆ ತೆರೆಯುತ್ತಿದ್ದವು, ಅವಳ ಹೆಸರಿನಲ್ಲಿ.

ನನ್ನ ಪರೀಕ್ಷೆ? ಒಂದು ಟ್ಯಾಗಿನಿಂದ ರಾಶಿ ಸಂಖ್ಯೆ ತೆಗೆಸಿ ಚೆನ್ನಾಗಿ ಹರಡಿವೆಯೇ ಎಂದು ನೋಡಿದ್ದೆ. ಹರಡಿದ್ದವು. ಎರಡು ಟ್ಯಾಗುಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ಬರಲಿಲ್ಲ. ಇಂಟರ್ನೆಟ್ಟಿನಲ್ಲಿ ಎಷ್ಟೋ ರೌಟರುಗಳು ಹೀಗೆಯೇ, ಆಗಷ್ಟೇ ಎದ್ದ ಹೊತ್ತಿನಲ್ಲಿ ಒಂದೇ ಕೀಲಿ ಮಾಡಿಕೊಂಡು ಸಿಕ್ಕಿಬಿದ್ದದ್ದನ್ನು ಓದಿ ನಕ್ಕವನು ನಾನೇ.

ಮ್ಯಾನೇಜರಿಗೆ ಹೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಅವರು ಮೊದಲು ಕೇಳಿದ್ದು ಇದು ಇನ್ನಾರಿಗೆ ಗೊತ್ತು ಎಂದು. ಹೊಸ ಮಾಡೆಲ್ ಅಂತ ಹೇಳಿ ಟ್ಯಾಗ್ ಬದಲಾಯಿಸಿಬಿಡೋಣ ಅಂದರು. ಆ ಹೆಂಗಸಿನ ಮಾತೇ ಬರಲಿಲ್ಲ. ಅವರ ಮುಖ ನೋಡುವುದಕ್ಕೂ ಅಸಹ್ಯವಾಯಿತು. ನನ್ನ ಮೊದಲ ಪತ್ರ ತಪ್ಪೆಂದು ವಾರ್ಡನ್‌ಗೆ ನಾನೇ ಬರೆದು ಹಾಕಿ, ಅವಳ ಮನೆ ಹುಡುಕಿಕೊಂಡು ಹೋದೆ.

ಅವಳು ಹೊಸೂರು ಕಡೆಯವಳು, ಕನ್ನಡದವಳೇ. ಬಾಗಿಲಲ್ಲೇ ನಿಂತು, ನಿಮ್ಮ ಟ್ಯಾಗಿನ ಕೀಲಿಯೇ ಇನ್ನೂ ಇಬ್ಬರ ಹತ್ತಿರ ಇತ್ತು, ತಪ್ಪು ನಮ್ಮದು ಎಂದೆ.

"ಅಪ್ಪಡಿನ್ನಾ, ಹಂಗಾದ್ರೆ, ಬಾಗಿಲು ತೆಗೆದಿದ್ದು ನಾನಲ್ಲ ಅಂತ ಆ ಮಿಷಿನ್ ಹೇಳ್ತದಾ ಸಾರ್?"

"ಇಲ್ಲಕ್ಕಾ. ಮೂವರಲ್ಲಿ ಯಾರು ಅಂತ ಅದಕ್ಕೆ ಗೊತ್ತಾಗಲ್ಲ."

"ನಾನೇ ಅಂತ ಹೇಳುವಾಗ ಮಾತ್ರ ಗೊತ್ತಿತ್ತಾ?"

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. ಆಗಲೂ ಅದಕ್ಕೆ ಗೊತ್ತಿರಲಿಲ್ಲ, ಗೊತ್ತೆಂದು ಸಹಿ ಹಾಕಿ ಹೇಳಿದ್ದು ನಾನು ಎಂದೆ. ಅವಳು ತಲೆಯಾಡಿಸಿ ಬಾಗಿಲು ಮುಂದೆ ಮಾಡಿದಳು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು.